ಹಿಗ್ಗಿಸುವ ಹಕ್ಕು, ಮುಚ್ಚುವ ಹಕ್ಕು: ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಇವೆರಡರ ಬೆಲೆ ಲೆಕ್ಕ ಹಾಕುವುದು ಹೇಗೆ?

ಹೊಸದಾಗಿ ಅಂಗಡಿ, ಹೋಟೆಲು, ಚಿಕ್ಕ ಘಟಕ ತೆರೆಯಲು ಹೊರಟವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಲೆಕ್ಕ ಹಾಕಿದರೆ ಸ್ವಲ್ಪ ನಷ್ಟ ಅಂತ ಬರುತ್ತೆ. ಆದರೆ ಚೆನ್ನಾಗಿ ನಡೆದರೆ ಪಕ್ಕದ ಮಳಿಗೆಯನ್ನೂ ಸೇರಿಸಿಕೊಳ್ಳಬಹುದು, ನಡೆಯದಿದ್ದರೆ ಅಡ್ವಾನ್ಸ್ ವಾಪಸ್ ತಗೊಂಡು ಹೊರಡಬಹುದು. ಇದನ್ನೆಲ್ಲ ಲೆಕ್ಕಕ್ಕೆ ಸೇರಿಸೋದು ಹೇಗೆ?" ಸೇರಿಸಬಹುದು. ಅದಕ್ಕೊಂದು ಕ್ರಮವಿದೆ. ಕೈಯಲ್ಲೊಂದು ಕಾಗದ, ಪೆನ್ನು ಇದ್ದರೆ ಅರ್ಧ ಗಂಟೆಯ ಕೆಲಸ.

ಮುಂದೆ ಪರಿಸ್ಥಿತಿ ನೋಡಿಕೊಂಡು ಬಳಸಬಹುದಾದ, ಆದರೆ ಬಳಸಲೇಬೇಕೆಂಬ ಕಟ್ಟುಪಾಡಿಲ್ಲದ ಇಂಥ ಹಕ್ಕನ್ನು ಹಣಕಾಸು ಶಾಸ್ತ್ರದಲ್ಲಿ 'ರಿಯಲ್ ಆಪ್ಷನ್' ಎನ್ನುತ್ತಾರೆ. 1977ರಲ್ಲಿ ಸ್ಟೀವರ್ಟ್ ಮೈಯರ್ಸ್ ಕೊಟ್ಟ ಹೆಸರಿದು. ಷೇರುಪೇಟೆಯ ಆಪ್ಷನ್ ಕಾಗದದ ಮೇಲಿನ ಹಕ್ಕು. ಇಲ್ಲಿನದು ಮಳಿಗೆ, ಗ್ರೈಂಡರ್, ಬಾಡಿಗೆ ಕರಾರಿನ ಮೇಲಿನ ಹಕ್ಕು. ವ್ಯತ್ಯಾಸ ಅಷ್ಟೇ. ಲೆಕ್ಕದ ವಿಧಾನ 1979ರಲ್ಲಿ ಕಾಕ್ಸ್, ರಾಸ್, ರೂಬಿನ್‌ಸ್ಟೈನ್ ಎಂಬ ಮೂವರು ಷೇರು ಆಪ್ಷನ್‌ಗಳಿಗೆಂದು ಕೊಟ್ಟ 'ಎರಡು ಕವಲು' ವಿಧಾನವೇ. ಅದರ ಅತಿ ಸರಳ ರೂಪ, ಅಂದರೆ ಒಂದೇ ವರ್ಷ, ಎರಡೇ ಕವಲು, ನಮಗೆ ಇಲ್ಲಿ ಸಾಕು.

ಉದಾಹರಣೆಗೆ ಒಂದು ದರ್ಶಿನಿ ತೆಗೆದುಕೊಳ್ಳೋಣ. 2025ರ ಆಗಸ್ಟಿನಲ್ಲಿ ನಮ್ಮ ಮೆಟ್ರೋದ ಹಳದಿ ಮಾರ್ಗ ಶುರುವಾಯಿತಲ್ಲ, ಆ ಮಾರ್ಗದ ಕೂಡ್ಲು ಗೇಟ್ ನಿಲ್ದಾಣದ ಆಸುಪಾಸಿನಲ್ಲಿ ಒಂದು ಮಳಿಗೆ ಸಿಕ್ಕಿದೆ ಎಂದುಕೊಳ್ಳಿ. ಮೆಟ್ರೋ ಇಳಿದವರು ನಿಂತು ಇಡ್ಲಿ ತಿಂದು ಹೋಗುತ್ತಾರೋ, ನೇರವಾಗಿ ಆಫೀಸಿನ ಕ್ಯಾಬ್ ಹತ್ತುತ್ತಾರೋ ಮೊದಲೇ ಹೇಳಲು ಬರುವುದಿಲ್ಲ. ಮುಂದಿನ ಲೆಕ್ಕವೆಲ್ಲ ಈ ಅನಿಶ್ಚಿತತೆಯ ಮೇಲೆಯೇ ನಿಂತಿದೆ. ಅಂಕಿಗಳು ವಿವರಣೆಗಾಗಿ ನಾನೇ ಹಾಕಿದವು. ನಿಮ್ಮ ಜಾಗದ ಅಂಕಿಗಳನ್ನು ನೀವು ಹಾಕಿಕೊಳ್ಳಬೇಕು.

ಮೊದಲು ಕೈಯಲ್ಲಿರಬೇಕಾದದ್ದು

ಬಾಡಿಗೆ ಅಗ್ರಿಮೆಂಟಿನ ಕರಡು, ಅಡುಗೆಮನೆ ಸಾಮಾನಿನ ಕೊಟೇಷನ್, ಹಳೆ ಹೋಟೆಲ್ ಸಾಮಾನು ಕೊಳ್ಳುವ ಒಬ್ಬಿಬ್ಬರು ವ್ಯಾಪಾರಿಗಳ ಬಾಯಿಂದ ಬಂದ ದರ, ಮತ್ತು ಬ್ಯಾಂಕಿನ ಎಫ್‌ಡಿ ಬಡ್ಡಿ ದರ. ಕೊನೆಯದನ್ನು ಇಲ್ಲಿ 7% ಎಂದು ಹಿಡಿಯುತ್ತೇನೆ.

ಹಂತ 1: ಯಾವ ಹಕ್ಕೂ ಇಲ್ಲ ಎಂದುಕೊಂಡು ಮೊದಲ ಲೆಕ್ಕ

ಅಂಗಡಿ ತೆರೆಯಲು ಇಂದು ಬೇಕಾಗುವ ದುಡ್ಡು:

- ಅಡ್ವಾನ್ಸ್: ತಿಂಗಳ ಬಾಡಿಗೆ 1 ಲಕ್ಷ, ಹತ್ತು ತಿಂಗಳಿನದು, ಒಟ್ಟು 10 ಲಕ್ಷ
- ಗ್ರೈಂಡರ್, ಇಡ್ಲಿ ಸ್ಟೀಮರ್, ದೋಸೆ ತವಾ, ಸ್ಟೀಲ್ ಟೇಬಲ್, ಫ್ರಿಜ್: 20 ಲಕ್ಷ
- ಟೈಲ್ಸ್, ಪ್ಲಂಬಿಂಗ್, ವೈರಿಂಗ್, ಹೊಗೆ ಕೊಳವೆ, ಕೌಂಟರ್: 11 ಲಕ್ಷ
- ಪರವಾನಗಿ, ಗ್ಯಾಸ್ ಠೇವಣಿ, ಆರಂಭದ ಖರ್ಚು: 2 ಲಕ್ಷ

ಒಟ್ಟು 43 ಲಕ್ಷ. ಅಗ್ರಿಮೆಂಟ್ ಆರು ವರ್ಷದ್ದು. ಮೊದಲ ವರ್ಷ ಬಂದದ್ದು ಹೋದದ್ದಕ್ಕೆ ಸರಿಹೋಗುತ್ತದೆ, ಗಲ್ಲದಲ್ಲಿ ಏನೂ ಉಳಿಯುವುದಿಲ್ಲ ಎಂದಿಟ್ಟುಕೊಳ್ಳೋಣ. ವರ್ಷದ ಕೊನೆಗೆ ಜಾಗದ ಹಣೆಬರಹ ಗೊತ್ತಾಗುತ್ತದೆ. ಚೆನ್ನಾಗಿ ನಡೆದರೆ ಉಳಿದ ಐದು ವರ್ಷ ವರ್ಷಕ್ಕೆ 19 ಲಕ್ಷ ಉಳಿಕೆ. ಮಂದವಾದರೆ ವರ್ಷಕ್ಕೆ 3.35 ಲಕ್ಷ ಮಾತ್ರ, ಅಂದರೆ ತಿಂಗಳಿಗೆ ಸುಮಾರು 28,000 ರೂಪಾಯಿ.

ಈ ಎರಡರ ನಡುವಿನ ಅಂತರ ದೊಡ್ಡದಾಗಿ ಕಂಡರೂ ಕೌಂಟರಿನ ಮುಂದೆ ಅದು ಅಷ್ಟು ದೊಡ್ಡದಲ್ಲ. ಒಂದು ಬಿಲ್ಲಿನಲ್ಲಿ ದಿನಸಿ, ಗ್ಯಾಸು, ತೆರಿಗೆ ಕಳೆದು 25 ರೂಪಾಯಿ ಉಳಿದರೆ, ದಿನಕ್ಕೆ ಸುಮಾರು 175 ಬಿಲ್ಲುಗಳ ವ್ಯತ್ಯಾಸವೇ ಒಂದು ದರ್ಶಿನಿಯನ್ನು ಎತ್ತುತ್ತದೆ ಅಥವಾ ಬೀಳಿಸುತ್ತದೆ. ಭಟ್ಟರ ಸಂಬಳವೂ ಬಾಡಿಗೆಯೂ ಬಿಲ್ಲು ಕಡಿಮೆಯಾಯಿತೆಂದು ಇಳಿಯುವುದಿಲ್ಲವಲ್ಲ.

ಈಗ ಮುಂದಿನ ಐದು ವರ್ಷದ ಉಳಿಕೆಯನ್ನು, ಕೊನೆಗೆ ವಾಪಸ್ ಬರುವ ಅಡ್ವಾನ್ಸನ್ನು ಸೇರಿಸಿ, ಮೊದಲ ವರ್ಷದ ಕೊನೆಯ ಬೆಲೆಗೆ ಇಳಿಸಬೇಕು. ಐದು ವರ್ಷದ ನಂತರ ಬರುವ ರೂಪಾಯಿ ಇವತ್ತಿನ ರೂಪಾಯಿಗೆ ಸಮವಲ್ಲ. ಅದನ್ನು ತಗ್ಗಿಸುವ ದರವೇ ಡಿಸ್ಕೌಂಟ್ ದರ. ಇಂಥ ಅಪಾಯಕ್ಕೆ ದುಡ್ಡು ಹಾಕುವವರು 19% ಪ್ರತಿಫಲ ಕೇಳುತ್ತಾರೆ ಎಂದು ಹಿಡಿದರೆ, ಐದು ವರ್ಷ ಪ್ರತಿ ವರ್ಷ ಬರುವ 1 ರೂಪಾಯಿಯ ಇಂದಿನ ಬೆಲೆ 3.058 ರೂಪಾಯಿ. ಪೇಂಟಿಂಗ್ ದುಡ್ಡು ಹಿಡಿದುಕೊಂಡು ಓನರ್ ವಾಪಸ್ ಕೊಡುವ 9 ಲಕ್ಷದ ಬೆಲೆ 3.77 ಲಕ್ಷ. ಹಾಗಾಗಿ:

- ಚೆನ್ನಾಗಿ ನಡೆದರೆ ಅಂಗಡಿಯ ಬೆಲೆ: 19 × 3.058 + 3.77, ಸುಮಾರು 62 ಲಕ್ಷ
- ಮಂದವಾದರೆ: 3.35 × 3.058 + 3.77, ಸುಮಾರು 14 ಲಕ್ಷ

ಚೆನ್ನಾಗಿ ನಡೆಯುವ ಸಂಭವ 70% ಎಂಬುದು ನಿಮ್ಮ ಅಂದಾಜು ಎನ್ನಿ. 62ರ 70%, 14ರ 30% ಕೂಡಿದರೆ 47.6 ಲಕ್ಷ. ಅದನ್ನು ಒಂದು ವರ್ಷ ಹಿಂದಕ್ಕೆ ತರಲು 1.19ರಿಂದ ಭಾಗಿಸಿದರೆ 40 ಲಕ್ಷ. ಹಾಕುವುದು 43, ಬೆಲೆ 40. ಇವೆರಡರ ವ್ಯತ್ಯಾಸವನ್ನು ನಿವ್ವಳ ವರ್ತಮಾನ ಮೌಲ್ಯ, ಬಳಕೆಯಲ್ಲಿ ಎನ್‌ಪಿವಿ ಎನ್ನುತ್ತಾರೆ. ಇಲ್ಲಿ ಅದು ಮೈನಸ್ 3 ಲಕ್ಷ. ಬಹಳ ಮಂದಿ ಇಲ್ಲಿಗೇ ಫೈಲು ಮುಚ್ಚುತ್ತಾರೆ.

ಎಚ್ಚರ: ಉಳಿಕೆ ತೆಗೆಯುವಾಗ ನಿಮ್ಮ ಸ್ವಂತ ದುಡಿಮೆಗೂ ಸಂಬಳ ಹಾಕಿಕೊಳ್ಳಿ. ಬೆಳಗಿನ ಐದಕ್ಕೆ ಬಂದು ರಾತ್ರಿ ಹತ್ತಕ್ಕೆ ಹೋಗುವ ಯಜಮಾನರ ದುಡಿಮೆಯನ್ನು ಪುಕ್ಕಟೆ ಎಂದು ಹಿಡಿದರೆ ಮುಂದಿನ ಹಂತಗಳೆಲ್ಲ ಸುಳ್ಳಾಗುತ್ತವೆ. ಮುಚ್ಚಬೇಕಾದ ಅಂಗಡಿಯೂ ಲಾಭದಲ್ಲಿರುವಂತೆ ಕಾಣುತ್ತದೆ.

ಹಂತ 2: ಮುಚ್ಚಿದರೆ ಕೈಗೆ ಎಷ್ಟು ಬರುತ್ತದೆ?

ಹಾಕಿದ ದುಡ್ಡಿನಲ್ಲಿ ವರ್ಷದ ಕೊನೆಗೆ ಮರಳಿ ಬರುವ ಭಾಗ ಎಷ್ಟು ಎಂಬುದು ಇಲ್ಲಿನ ಪ್ರಶ್ನೆ. ಬೆಂಗಳೂರಿನ ದೊಡ್ಡ ಅಡ್ವಾನ್ಸನ್ನು ಎಲ್ಲರೂ ಬೈದುಕೊಳ್ಳುತ್ತಾರೆ. ಆದರೆ ಈ ಲೆಕ್ಕದಲ್ಲಿ ಅದು ಟೈಲ್ಸಿಗೆ ಹಾಕಿದ ದುಡ್ಡಿಗಿಂತ ಎಷ್ಟೋ ವಾಸಿ, ಯಾಕೆಂದರೆ ಅದು ಹಿಂದಿರುಗುವ ದುಡ್ಡು.

- ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹೋಗಿ 9 ಲಕ್ಷ
- 20 ಲಕ್ಷದ ಸಾಮಾನಿಗೆ ಅರ್ಧ ಬೆಲೆ, 10 ಲಕ್ಷ
- ಟೈಲ್ಸ್, ಪ್ಲಂಬಿಂಗ್, ವೈರಿಂಗ್, ಕೌಂಟರ್: ಸೊನ್ನೆ
- ಕೆಲಸದವರ ಬಾಕಿ, ಬಿಚ್ಚಿ ಸಾಗಿಸುವ ಖರ್ಚು: ಮೈನಸ್ 1 ಲಕ್ಷ

ಒಟ್ಟು 18 ಲಕ್ಷ. ಮಂದ ವ್ಯಾಪಾರದ ಅಂಗಡಿಯನ್ನು ನಡೆಸಿಕೊಂಡು ಹೋದರೆ ಅದರ ಬೆಲೆ 14, ಮುಚ್ಚಿದರೆ 18. ಗಮನಿಸಿ, ಈ ಅಂಗಡಿ ನಷ್ಟದಲ್ಲಿಲ್ಲ. ತಿಂಗಳಿಗೆ 28,000 ಉಳಿಸುತ್ತಿದೆ. ಆದರೂ ಮುಚ್ಚುವುದೇ 4 ಲಕ್ಷದಷ್ಟು ಮೇಲು. ಕೈಗೆ ಬರಬಹುದಾದ 18 ಲಕ್ಷ ಅಲ್ಲಿ ಸಿಕ್ಕಿಬಿದ್ದು ಅದಕ್ಕೆ ತಕ್ಕ ದುಡಿಮೆ ಕೊಡುತ್ತಿಲ್ಲ. 'ನಷ್ಟವಾಗದಿದ್ದರೆ ಯಾಕೆ ಮುಚ್ಚಬೇಕು' ಎನ್ನುವವರು ನೋಡಬೇಕಾದ ಅಂಕಿ ಇದು.

ಎಚ್ಚರ ಎರಡು. ಮೊದಲನೆಯದು, ಸಾಮಾನಿನ ಮರುಮಾರಾಟದ ದರವನ್ನು ಊಹಿಸಬೇಡಿ, ವ್ಯಾಪಾರಿಗಳನ್ನು ಕೇಳಿ. 10 ಲಕ್ಷದ ಬದಲು 6 ಲಕ್ಷ ಎಂದರೆ ಒಟ್ಟು 14ಕ್ಕೆ ಇಳಿಯುತ್ತದೆ, ಮುಚ್ಚುವ ಹಕ್ಕಿನ ಬೆಲೆ ಪೂರ್ತಿ ಮಾಯ. ನಿಮ್ಮ ಅಳತೆಗೆಂದೇ ಮಾಡಿಸಿದ ಕೌಂಟರಿಗಿಂತ ಯಾವ ಹೋಟೆಲಿಗೂ ಒಗ್ಗುವ ಗ್ರೈಂಡರ್, ಸ್ಟೀಲ್ ಟೇಬಲ್ಲುಗಳನ್ನು ಮಾರುವುದು ಸುಲಭ. ಖರೀದಿಸುವಾಗಲೇ ಇದನ್ನು ಮನಸ್ಸಿನಲ್ಲಿಡಿ. ಎರಡನೆಯದು, ಸಾಮಾನಿನ ಮೇಲಿನ ಬ್ಯಾಂಕ್ ಸಾಲವನ್ನು ಈ 18ರಿಂದ ಕಳೆಯಬೇಡಿ. ಅಂಗಡಿ ಇದ್ದರೂ ಮುಚ್ಚಿದರೂ ಆ ಸಾಲ ತೀರಿಸಲೇಬೇಕಾದ್ದರಿಂದ ಎರಡರ ಹೋಲಿಕೆಯಲ್ಲಿ ಅದು ಬದಲಾಗುವುದಿಲ್ಲ. ಆದರೆ ಸಾಮಾನು ಬ್ಯಾಂಕಿಗೆ ಅಡಮಾನವಾಗಿದ್ದರೆ ಮಾರುವ ಮೊದಲು ಅವರ ಒಪ್ಪಿಗೆ ಬೇಕು ಎಂಬುದು ನೆನಪಿರಲಿ.

ಹಂತ 3: ಹಿಗ್ಗಿಸಿದರೆ ಎಷ್ಟು ಹಾಕಬೇಕು, ಎಷ್ಟು ಸಿಗುತ್ತದೆ?

ಪಕ್ಕದ ಮಳಿಗೆ ಸೇರಿಸಿಕೊಂಡರೆ ಅಂಗಡಿಯ ಬೆಲೆ ಒಂದೂವರೆ ಪಟ್ಟಾಗುತ್ತದೆ, ಅದಕ್ಕೆ ವರ್ಷದ ಕೊನೆಗೆ ಇನ್ನೂ 20 ಲಕ್ಷ ಬೇಕು ಎಂದುಕೊಳ್ಳೋಣ. ಚೆನ್ನಾಗಿ ನಡೆಯುತ್ತಿದ್ದರೆ 62ರ ಅರ್ಧ 31 ಲಕ್ಷ ಹೆಚ್ಚುತ್ತದೆ, 20 ಕಳೆದು 11 ಲಕ್ಷ ಲಾಭ. ಮಂದವಾಗಿದ್ದರೆ 14ರ ಅರ್ಧ 7 ಲಕ್ಷಕ್ಕಾಗಿ ಯಾರೂ 20 ಲಕ್ಷ ಹಾಕುವುದಿಲ್ಲ. ಅಲ್ಲಿ ಹಕ್ಕನ್ನು ಬಳಸುವುದಿಲ್ಲ, ಲಾಭ ಸೊನ್ನೆ. ಮೈನಸ್ 13 ಅಲ್ಲ, ಸೊನ್ನೆ. ಹಕ್ಕು ಕಡ್ಡಾಯವಲ್ಲದ್ದರಿಂದ ಬರುವ ಬೆಲೆಯೆಲ್ಲ ಈ ಸೊನ್ನೆಯಿಂದಲೇ.

ಇಲ್ಲಿ ಅಪಾಯಕಾರಿ ಅಂಕಿ 'ಒಂದೂವರೆ ಪಟ್ಟು'. ಅದನ್ನು ಪರೀಕ್ಷಿಸುವ ದಾರಿಯೊಂದಿದೆ. ಅಂಗಡಿ ಶುರುವಾದ ಮೇಲೆ ಬೆಳಗ್ಗೆ ಎಂಟೂವರೆಗೆ ಎದುರಿನ ಫುಟ್‌ಪಾತಿನಲ್ಲಿ ನಿಂತು, ಬಂದು ಸಾಲು ನೋಡಿ ವಾಪಸ್ ಹೋಗುವವರನ್ನು ಎಣಿಸಿ. ಅವರು ಜಾಗವಿಲ್ಲದೆ ಹೋಗುತ್ತಿದ್ದರೆ ಪಕ್ಕದ ಮಳಿಗೆ ಉಪಯೋಗಕ್ಕೆ ಬರುತ್ತದೆ. ಟೋಕನ್ ಹಿಡಿದು ದೋಸೆಗೆ ಕಾದು ಬೇಸತ್ತು ಹೋಗುತ್ತಿದ್ದರೆ ಬೇಕಿರುವುದು ಇನ್ನೊಂದು ತವಾ, ಇನ್ನೊಬ್ಬ ಭಟ್ಟರು. ಆಗ ಹಿಗ್ಗಿಸುವ ಖರ್ಚು 20 ಲಕ್ಷವೇ ಬೇಕಾಗಿಲ್ಲ. ಇದನ್ನು ಎಣಿಸದೆ ಮಳಿಗೆ ಹಿಡಿದವರ ಅಂಗಡಿಯಲ್ಲಿ ಹೊಸ ಟೇಬಲ್ಲುಗಳು ಖಾಲಿ, ಹಳೆ ತವಾದ ಮುಂದೆ ಸಾಲು ಹಾಗೇ ಇರುತ್ತದೆ.

ಹಂತ 4: ಯಾವ ಸಂಭವ ಬಳಸಬೇಕು? ಹೆಚ್ಚಿನವರು ತಪ್ಪುವುದು ಇಲ್ಲೇ

ನಿಮ್ಮ 70% ಅಂದಾಜನ್ನೇ ಬಳಸಿ 19% ದರದಲ್ಲಿ ಇಳಿಸಿದರೆ ಆಯಿತಲ್ಲ ಎನಿಸುತ್ತದೆ. ಆಗುವುದಿಲ್ಲ. 19% ಎಂಬುದು ಅಂಗಡಿಯ ಅಪಾಯಕ್ಕೆ ತಕ್ಕ ದರ. ಹಿಗ್ಗಿಸುವ ಹಕ್ಕು ಅಂಗಡಿಗಿಂತ ಹೆಚ್ಚು ಅಪಾಯದ್ದು, ಒಳ್ಳೆಯ ಕಾಲದಲ್ಲಿ 11 ಲಕ್ಷ, ಇಲ್ಲವಾದರೆ ಏನೂ ಇಲ್ಲ. ಮುಚ್ಚುವ ಹಕ್ಕು ಇದಕ್ಕೆ ತದ್ವಿರುದ್ಧ. ವಿಮೆಯ ಹಾಗೆ ಅದು ಕೆಟ್ಟ ಕಾಲದಲ್ಲೇ ದುಡ್ಡು ಕೊಡುತ್ತದೆ. ಮೂರಕ್ಕೂ ಒಂದೇ ದರ ಹಾಕಿದರೆ ಹಿಗ್ಗಿಸುವ ಹಕ್ಕಿಗೆ ಹೆಚ್ಚು ಬೆಲೆ ಕಟ್ಟುತ್ತೀರಿ, ಮುಚ್ಚುವ ಹಕ್ಕಿಗೆ ಕಡಿಮೆ ಕಟ್ಟುತ್ತೀರಿ.

ಇದಕ್ಕೆ ಪರಿಹಾರ ಸರಳ. ಅಂಗಡಿಯ ಇಂದಿನ ಬೆಲೆ 40 ಲಕ್ಷ ಎಂದು ಆಗಲೇ ಒಪ್ಪಿಕೊಂಡಿದ್ದೇವೆ. ಅಪಾಯಕ್ಕೆ ಕಳೆಯಬೇಕಾದ್ದನ್ನೆಲ್ಲ ಕಳೆದ ಮೇಲಿನ ಬೆಲೆ ಅದು. ಈಗ 62 ಮತ್ತು 14ಕ್ಕೆ ಯಾವ ಸಂಭವ ಕೊಟ್ಟು, ಬರೀ ಎಫ್‌ಡಿ ದರದಲ್ಲಿ ಇಳಿಸಿದರೆ ಅದೇ 40 ಬರುತ್ತದೆ ಎಂದು ಹುಡುಕಬೇಕು. 40 ಲಕ್ಷಕ್ಕೆ 7% ಬಡ್ಡಿ ಸೇರಿದರೆ 42.8. ಅದರಲ್ಲಿ 14 ಕಳೆದರೆ 28.8. ಎರಡು ಕವಲುಗಳ ಅಂತರ 48. ಭಾಗಿಸಿದರೆ 0.60.

ಈ 60% ಅನ್ನು 'ರಿಸ್ಕ್ ನ್ಯೂಟ್ರಲ್' ಸಂಭವ ಎನ್ನುತ್ತಾರೆ. ಇದು ಭವಿಷ್ಯವಾಣಿ ಅಲ್ಲ. ಅಪಾಯವನ್ನು ಡಿಸ್ಕೌಂಟ್ ದರದಿಂದ ತೆಗೆದು ಸಂಭವದೊಳಗೆ ಇಟ್ಟ ಲೆಕ್ಕದ ಅಂಕಿ. ಅದಕ್ಕೇ ನಿಮ್ಮ 70%ಗಿಂತ ಕಡಿಮೆ ಇದೆ. ಇನ್ನು ಮುಂದೆ 60% ಮತ್ತು 7%, ಇವೆರಡೇ. 70%ರ ಜೊತೆ 7%, ಅಥವಾ 60%ರ ಜೊತೆ 19% ಬೆರೆಸಿದರೆ ಬರುವ ಉತ್ತರಕ್ಕೆ ಅರ್ಥವಿಲ್ಲ.

ಹಂತ 5: ಕೂಡಿ ನೋಡಿ

ಮುಚ್ಚುವ ಹಕ್ಕು: 0.40 × 4 ÷ 1.07, ಅಂದರೆ 1.50 ಲಕ್ಷ.
ಹಿಗ್ಗಿಸುವ ಹಕ್ಕು: 0.60 × 11 ÷ 1.07, ಅಂದರೆ 6.17 ಲಕ್ಷ.

ಮೈನಸ್ 3ಕ್ಕೆ ಇವೆರಡನ್ನೂ ಕೂಡಿದರೆ ಪ್ಲಸ್ 4.66 ಲಕ್ಷ. ಬೇಡ ಎನ್ನಿಸಿದ್ದ ಜಾಗ ಈಗ ಬೇಕು ಎನ್ನಿಸುತ್ತದೆ. 19% ದರದ ತಪ್ಪು ವಿಧಾನದಲ್ಲಿ ಇವೇ ಹಕ್ಕುಗಳಿಗೆ 1.01 ಮತ್ತು 6.47 ಲಕ್ಷ ಬರುತ್ತಿತ್ತು. ಒಟ್ಟು ಮೊತ್ತ ಹೆಚ್ಚು ಕಡಿಮೆ ಅಷ್ಟೇ. ಆದರೆ ಓನರ್ ಜೊತೆ ಕೂತು ಯಾವ ಷರತ್ತಿಗೆ ಎಷ್ಟು ಬಿಟ್ಟುಕೊಡಬಹುದು ಎಂದು ಚೌಕಾಸಿ ಮಾಡುವಾಗ ಬೇಕಾಗುವುದು ಬಿಡಿ ಬಿಡಿ ಅಂಕಿ. ಮುಚ್ಚುವ ಹಕ್ಕಿಗೆ ಮೂರರಲ್ಲಿ ಒಂದು ಭಾಗ ಕಡಿಮೆ ಬೆಲೆ ಕಟ್ಟಿದವರು ಅದನ್ನು ಸುಲಭವಾಗಿ ಬಿಟ್ಟುಕೊಡುತ್ತಾರೆ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರಿಗೆ: B1ರಿಂದ B7ರವರೆಗೆ ಕ್ರಮವಾಗಿ ಇಂದಿನ ಬೆಲೆ 40, ಒಳ್ಳೆಯ ಬೆಲೆ 62, ಮಂದ ಬೆಲೆ 14, ಎಫ್‌ಡಿ ದರ 0.07, ಮುಚ್ಚಿದರೆ ಬರುವ 18, ಹಿಗ್ಗಿಸುವ ಖರ್ಚು 20, ಹಿಗ್ಗುವ ಪ್ರಮಾಣ 0.5 ತುಂಬಿ. ನಂತರ ಈ ಮೂರು ಸೂತ್ರ:

```
B8:  =(B1*(1+B4)-B3)/(B2-B3)
B9:  =(B8*MAX(B5-B2,0)+(1-B8)*MAX(B5-B3,0))/(1+B4)
B10: =(B8*MAX(B7*B2-B6,0)+(1-B8)*MAX(B7*B3-B6,0))/(1+B4)
```

B8 ಸಂಭವ, B9 ಮುಚ್ಚುವ ಹಕ್ಕು, B10 ಹಿಗ್ಗಿಸುವ ಹಕ್ಕು. B8 ಸೊನ್ನೆಗಿಂತ ಕಡಿಮೆ ಅಥವಾ ಒಂದಕ್ಕಿಂತ ಹೆಚ್ಚು ಬಂದರೆ ಹಂತ 1ರ ಬೆಲೆಗಳಲ್ಲೇ ಎಲ್ಲೋ ತಪ್ಪಿದೆ.

ಇಲ್ಲಿ ಎರಡೂ ಹಕ್ಕುಗಳ ಬೆಲೆಯನ್ನು ಹಾಗೇ ಕೂಡಬಹುದು, ಏಕೆಂದರೆ ಒಂದು ಒಳ್ಳೆಯ ಕವಲಿನಲ್ಲಿ, ಇನ್ನೊಂದು ಮಂದ ಕವಲಿನಲ್ಲಿ ಬಳಕೆಯಾಗುತ್ತದೆ. ಎರಡೂ ಒಂದೇ ಸನ್ನಿವೇಶದಲ್ಲಿ ಎದುರಾದರೆ, ಅಥವಾ ಹಿಗ್ಗಿಸಿದ ಮೇಲೆ ಮುಚ್ಚುವ ಸಂದರ್ಭ ಬರುವಂತಿದ್ದರೆ, ಹಾಗೆ ಕೂಡಬಾರದು. ಪ್ರತಿ ಕವಲಿನಲ್ಲೂ ಯಾವುದು ಮೇಲೋ ಅದೊಂದನ್ನೇ ಆರಿಸಿಕೊಂಡು ಲೆಕ್ಕ ಹಾಕಬೇಕು.

ಇನ್ನೊಂದು ಮಿತಿಯನ್ನೂ ಹೇಳಬೇಕು. ಷೇರಿನಂತೆ ದರ್ಶಿನಿಯನ್ನು ದಿನಾ ಕೊಂಡು ಮಾರಲು ಆಗುವುದಿಲ್ಲ. ಹಾಗಾಗಿ '40 ಲಕ್ಷ' ಎಂಬುದು ಪೇಟೆಯ ಬೆಲೆ ಅಲ್ಲ, ನಮ್ಮದೇ ಅಂದಾಜು. ಆ ಅಂದಾಜು ಜೊಳ್ಳಾದರೆ ಅದರ ಮೇಲೆ ಕಟ್ಟಿದ ಹಕ್ಕಿನ ಬೆಲೆಯೂ ಜೊಳ್ಳು. ಹಂತ 1ಕ್ಕೆ ಹೆಚ್ಚು ಸಮಯ ಕೊಡಿ.

ಹಂತ 6: ಅದೇ ಲೆಕ್ಕ, ಇನ್ನೊಂದು ರಸ್ತೆ

ಎರಡು ಜಾಗಗಳ ನಡುವೆ ಆಯ್ಕೆ ಇದ್ದರೆ ಈ ಹಂತವನ್ನು ಬಿಡಬೇಡಿ. ಹಳೇ ಬಡಾವಣೆಯ ಒಂದು ರಸ್ತೆ ಎನ್ನಿ, ಗಿರಾಕಿಗಳು ಎಷ್ಟು ಎಂದು ಹೆಚ್ಚು ಕಡಿಮೆ ಗೊತ್ತು. ಅಲ್ಲಿಯೂ ಖರ್ಚು 43, ಇಂದಿನ ಬೆಲೆ 40. ಆದರೆ ಒಳ್ಳೆಯದಾದರೆ 50, ಮಂದವಾದರೆ 32. ಹೊರನೋಟಕ್ಕೆ ಇದೇ ಭದ್ರ. ಲೆಕ್ಕದ ಸಂಭವ ಇಲ್ಲಿಯೂ 0.60. ಮುಚ್ಚುವ ಹಕ್ಕಿಗೆ ಬೆಲೆಯಿಲ್ಲ, 32 ಬೆಲೆಯ ಅಂಗಡಿ ಮುಚ್ಚಿ 18 ತೆಗೆದುಕೊಳ್ಳುವವರು ಯಾರು? ಹಿಗ್ಗಿಸಿದರೆ 25 ಹೆಚ್ಚಿ 20 ಹೋಗಿ 5 ಲಕ್ಷ, ಅದರ ಇಂದಿನ ಬೆಲೆ 2.80. ಒಟ್ಟು ಮೈನಸ್ 0.20 ಲಕ್ಷ. ಈ ಜಾಗ ಬೇಡ.

ಎರಡೂ ಜಾಗದ ಎನ್‌ಪಿವಿ ಒಂದೇ, ಮೈನಸ್ 3. ಕೂಡ್ಲು ಗೇಟಿನ ಅನಿಶ್ಚಿತತೆಯೇ ಅಲ್ಲಿನ ಹಕ್ಕುಗಳಿಗೆ ಬೆಲೆ ತಂದಿತು. ಏರಿದರೆ ಹಿಂದೆಯೇ ಏರಬಹುದು, ಇಳಿದರೆ 18ಕ್ಕೆ ನಿಲ್ಲಿಸಬಹುದು. ಆದರೆ ಇದು ಹಕ್ಕು ನಿಜವಾಗಿ ಕೈಯಲ್ಲಿದ್ದರೆ ಮಾತ್ರ. ಹಕ್ಕಿಲ್ಲದ ಅನಿಶ್ಚಿತತೆ ಬರೀ ಅಪಾಯ.

ಹಂತ 7: ಹಕ್ಕು ಅಗ್ರಿಮೆಂಟಿನಲ್ಲಿ ಇದೆಯೇ ನೋಡಿ

ಇದುವರೆಗಿನ ಲೆಕ್ಕ ಉಳಿಯುವುದೂ ಅಳಿಯುವುದೂ ಮೂರು ಷರತ್ತುಗಳ ಮೇಲೆ.

ಮೊದಲನೆಯದು ಲಾಕ್-ಇನ್, ಅಂದರೆ ನೀವು ಬಿಟ್ಟು ಹೋಗುವಂತಿಲ್ಲದ ಅವಧಿ. ಲಾಕ್-ಇನ್ ಮೂರು ವರ್ಷ ಇದ್ದು, ಮೊದಲ ವರ್ಷದ ಕೊನೆಗೆ ಹೊರಟರೆ ಉಳಿದ 24 ತಿಂಗಳ ಬಾಡಿಗೆ ಕೊಡಬೇಕೆಂದಿದ್ದರೆ ಅದು 24 ಲಕ್ಷ. 18 ಲಕ್ಷ ಬರುವ ಕಡೆ 24 ಕೊಟ್ಟು ಹೊರಡುವುದು ಸಾಧ್ಯವಿಲ್ಲ, ಮುಚ್ಚುವ ಹಕ್ಕು ಇದ್ದೂ ಇಲ್ಲದಂತೆ. "ಮೂರು ವರ್ಷ ಲಾಕ್-ಇನ್ ಒಪ್ಪಿಕೊಳ್ಳಿ, ತಿಂಗಳಿಗೆ ಮೂರು ಸಾವಿರ ಬಾಡಿಗೆ ಕಡಿಮೆ ಮಾಡ್ತೀನಿ" ಎಂದು ಓನರ್ ಹೇಳಿದರೆ? 36 ತಿಂಗಳಿಗೆ 1.08 ಲಕ್ಷ. ನೀವು ಬಿಟ್ಟುಕೊಡುವುದು 1.50 ಲಕ್ಷದ ಹಕ್ಕು. ಬೇಡ ಎನ್ನಿ. ಹನ್ನೆರಡು ತಿಂಗಳ ಲಾಕ್-ಇನ್ ಆದರೆ ಒಪ್ಪಬಹುದು.

ಎರಡನೆಯದು ಪಕ್ಕದ ಮಳಿಗೆ. ಅದನ್ನು ಈಗಲೇ ಬಾಡಿಗೆ ಕಟ್ಟಿ ಖಾಲಿ ಇಟ್ಟುಕೊಳ್ಳುವವರಿದ್ದಾರೆ. ತಿಂಗಳಿಗೆ 60,000 ಆದರೆ ವರ್ಷಕ್ಕೆ 7.2 ಲಕ್ಷ, ಹಕ್ಕಿನ ಬೆಲೆಯೇ 6.17. ಅದಕ್ಕಿಂತ ಒಂದು ಮೊತ್ತ ಕೊಟ್ಟು, 'ಒಂದು ವರ್ಷದೊಳಗೆ ಕೇಳಿದರೆ ಈ ಬಾಡಿಗೆಗೆ ಕೊಡತಕ್ಕದ್ದು' ಎಂದು ಬರೆಸಿಕೊಳ್ಳುವುದು ಮೇಲು. ಒಂದೂವರೆ, ಎರಡು ಲಕ್ಷಕ್ಕೆ ಓನರ್ ಒಪ್ಪಿದರೆ ನಿಮಗೆ ಲಾಭವೇ.

ಇಲ್ಲಿ ಒಂದು ಗುಂಡಿ ಇದೆ. 'ಮೊದಲು ನಿಮ್ಮನ್ನೇ ಕೇಳುತ್ತೇನೆ' ಎಂಬ ಷರತ್ತು ಸಾಲದು. ನಿಮ್ಮ ಅಂಗಡಿಯ ಮುಂದಿನ ಸಾಲನ್ನು ದಿನವೂ ನೋಡುವ ಓನರ್, ನೀವು ಕೇಳುವ ಹೊತ್ತಿಗೆ ಬಾಡಿಗೆಯನ್ನು 20,000 ಏರಿಸಿದರೆ ಏನಾಗುತ್ತದೆ ನೋಡಿ. ವರ್ಷಕ್ಕೆ 2.4 ಲಕ್ಷ, ಐದು ವರ್ಷಕ್ಕೆ 3.058ರ ಲೆಕ್ಕದಲ್ಲಿ 7.34 ಲಕ್ಷ. 11 ಲಕ್ಷದ ಲಾಭ 3.66ಕ್ಕೆ ಇಳಿಯುತ್ತದೆ, ಹಕ್ಕಿನ ಬೆಲೆ 6.17ರಿಂದ 2.05ಕ್ಕೆ. ಇಡೀ ಯೋಜನೆಯ 4.66 ಲಕ್ಷದಲ್ಲಿ ಉಳಿಯುವುದು ಅರ್ಧ ಲಕ್ಷದ ಆಸುಪಾಸು. ಬಾಡಿಗೆಯ ಮೊತ್ತ, ಅಡ್ವಾನ್ಸಿನ ಮೊತ್ತ, ಕೇಳಬೇಕಾದ ಕೊನೆಯ ತಾರೀಖು, ಮೂರನ್ನೂ ಅಂಕಿಯಲ್ಲಿ ಬರೆಸಿ.

ಮೂರನೆಯದು ನೋಂದಣಿ. ನಮ್ಮಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನ ರೂಢಿಯಿದೆ, ಏಕೆಂದರೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಹನ್ನೊಂದು ತಿಂಗಳಿಗೆ ಬರೆಸಿ ಖರ್ಚು ಉಳಿಸಿದವರು, ಹಿಗ್ಗಿಸುವ ತೀರ್ಮಾನ ಮಾಡಬೇಕಾದ ಹನ್ನೆರಡನೇ ತಿಂಗಳಲ್ಲಿ ಕೈಯಲ್ಲಿ ಏನೂ ಇಲ್ಲದೆ ನಿಂತಿರುತ್ತಾರೆ. ಆರು ವರ್ಷದ್ದನ್ನು ಬರೆಸಿ, ನೋಂದಾಯಿಸಿ, ಪಕ್ಕದ ಮಳಿಗೆಯ ಷರತ್ತೂ ಅದೇ ಪತ್ರದಲ್ಲಿರಲಿ. ಮುದ್ರಾಂಕ ಶುಲ್ಕವನ್ನು 43 ಲಕ್ಷದ ಪಟ್ಟಿಗೆ ಸೇರಿಸಿಕೊಳ್ಳಿ. ಸಹಿ ಹಾಕುವ ಮೊದಲು ವಕೀಲರಿಗೊಮ್ಮೆ ತೋರಿಸಿ.

ಹಂತ 8: ತೀರ್ಮಾನದ ಗೆರೆಗಳನ್ನು ಈಗಲೇ ಎಳೆಯಿರಿ

ಮುಚ್ಚುವ ಹಕ್ಕಿದ್ದೂ ಬಳಸದವರೇ ಹೆಚ್ಚು. 11 ಲಕ್ಷದ ಟೈಲ್ಸು ಪ್ಲಂಬಿಂಗು ಕಣ್ಣ ಮುಂದೆ ಇರುತ್ತದೆ, ನೆಂಟರು ಉದ್ಘಾಟನೆಗೆ ಬಂದು ಹೋಗಿರುತ್ತಾರೆ. ಆ 11 ಲಕ್ಷ ಮುಚ್ಚಿದರೂ ಬರುವುದಿಲ್ಲ, ನಡೆಸಿದರೂ ಬರುವುದಿಲ್ಲ. ತೀರ್ಮಾನಕ್ಕೆ ಅದು ಸಂಬಂಧಪಟ್ಟದ್ದಲ್ಲ. ಬಳಸದ ಹಕ್ಕಿಗೆ ಬೆಲೆಯಿಲ್ಲವಾದ್ದರಿಂದ, ಯಾವ ಅಂಕಿ ಬಂದರೆ ಏನು ಮಾಡುವುದು ಎಂದು ಮನಸ್ಸು ತಣ್ಣಗಿರುವಾಗಲೇ, ಪಾಲುದಾರರಿದ್ದರೆ ಅವರ ಸಹಿಯೊಂದಿಗೆ, ಬರೆದಿಡಿ.

ಅಂಕಿಗಳು ಮೇಲಿನ ಲೆಕ್ಕದಿಂದಲೇ ಸಿಗುತ್ತವೆ. ಅಂಗಡಿಯ ಬೆಲೆ 18ಕ್ಕಿಂತ ಕೆಳಗಿದ್ದರೆ ಮುಚ್ಚಬೇಕು. 18ರಿಂದ ಅಡ್ವಾನ್ಸಿನ 3.77 ಕಳೆದು 3.058ರಿಂದ ಭಾಗಿಸಿದರೆ ವರ್ಷಕ್ಕೆ 4.65 ಲಕ್ಷ, ತಿಂಗಳಿಗೆ ಸುಮಾರು 39,000. ಹಿಗ್ಗಿಸಲು ಬೆಲೆಯ ಅರ್ಧ 20ನ್ನು ಮೀರಬೇಕು, ಅಂದರೆ ಬೆಲೆ 40 ದಾಟಬೇಕು. ಅದೇ ರೀತಿ ಇಳಿಸಿದರೆ ತಿಂಗಳಿಗೆ ಸುಮಾರು 99,000. ತಿಂಗಳ ಉಳಿಕೆ 39,000ಕ್ಕಿಂತ ಕಡಿಮೆ ಇದ್ದರೆ ಮುಚ್ಚಿ, 99,000 ದಾಟಿದರೆ ಹಿಗ್ಗಿಸಿ, ನಡುವೆ ಇದ್ದರೆ ಇದ್ದ ಹಾಗೇ ನಡೆಸಿ. ವರ್ಷದ ಕೊನೆಯಲ್ಲಿ ತೀರ್ಮಾನಿಸದೆ ಇನ್ನೊಂದು ವರ್ಷವೂ ಕಾಯುವ ಅವಕಾಶವಿದ್ದರೆ ಮುಚ್ಚುವ ಗೆರೆ ಇದಕ್ಕಿಂತ ಸ್ವಲ್ಪ ಕೆಳಗಿರುತ್ತದೆ, ಏಕೆಂದರೆ ಕಾದು ನೋಡುವುದಕ್ಕೂ ಒಂದು ಬೆಲೆಯಿದೆ. ಆದರೆ ಕಾಯುವಷ್ಟು ಕಾಲವೂ ಗ್ರೈಂಡರಿನ ಮರುಮಾರಾಟದ ಬೆಲೆ ಇಳಿಯುತ್ತಲೇ ಇರುತ್ತದೆ.

ಉಳಿಕೆಯನ್ನು ಒಂದು ತಿಂಗಳು ನೋಡಿ ನಿರ್ಧರಿಸಬೇಡಿ. ಶುರುವಿನ ಮೂರು ತಿಂಗಳು ಹೊಸ ಹೋಟೆಲಿನ ಕುತೂಹಲದ ಜನ, ಅದನ್ನು ಬಿಟ್ಟುಬಿಡಿ. ಸುತ್ತಮುತ್ತ ಆಫೀಸಿನ ಗಿರಾಕಿಗಳೇ ಹೆಚ್ಚಾಗಿದ್ದರೆ ದಸರಾ, ದೀಪಾವಳಿಯ ರಜೆಯ ತಿಂಗಳನ್ನೂ ಒಂಟಿಯಾಗಿ ನೋಡಬೇಡಿ. ಏಳನೇ ತಿಂಗಳಿಂದ ಒಂಬತ್ತನೇ ತಿಂಗಳವರೆಗಿನ ಸರಾಸರಿ ತೆಗೆಯಿರಿ. ಒಂಬತ್ತಕ್ಕೇ ನಿಲ್ಲಿಸಲು ಕಾರಣವಿದೆ. ಅಗ್ರಿಮೆಂಟಿನಲ್ಲಿ ಮೂರು ತಿಂಗಳ ನೋಟಿಸ್ ಎಂದಿದ್ದರೆ, ಹನ್ನೆರಡನೇ ತಿಂಗಳ ಕೊನೆಗೆ ಬೀಗ ಕೊಡಲು ಒಂಬತ್ತನೇ ತಿಂಗಳು ಮುಗಿಯುತ್ತಲೇ ನೋಟಿಸ್ ಓನರ್ ಕೈಯಲ್ಲಿರಬೇಕು. ತಡವಾದ ಪ್ರತಿ ತಿಂಗಳಿಗೆ 1 ಲಕ್ಷ ಬಾಡಿಗೆ ಆ 18 ಲಕ್ಷದಿಂದಲೇ ಹೋಗುತ್ತದೆ. ನಾಲ್ಕು ತಿಂಗಳು ತಡವಾದರೆ ಮುಚ್ಚಿದರೂ ಒಂದೇ, ನಡೆಸಿದರೂ ಒಂದೇ.